60 ಪೇಪರ್, ಮೂರು ವಾರ, ಒಂದು ಲಿಟರೇಚರ್ ರಿವ್ಯೂ: ಓದಿದ್ದು ಯಾವುದೂ ಕೈಗೆ ಸಿಗುತ್ತಿಲ್ಲ

ಹೊಸ_ಇಂಟರ್ನ್
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ ಕೆಮಿಸ್ಟ್ರಿ ಮುಗಿಸಿ ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಇಂಟರ್ನ್ ಆಗಿ ಸೇರಿ ಎರಡು ವಾರ ಆಯ್ತು. ಬೋರ್‌ವೆಲ್ ನೀರಿನಿಂದ ಫ್ಲೋರೈಡ್ ಹೀರಿಕೊಳ್ಳುವ ವಸ್ತುಗಳ ಬಗ್ಗೆ ಲಿಟರೇಚರ್ ರಿವ್ಯೂ ಮಾಡು ಅಂದಿದ್ದಾರೆ ಗೈಡ್. ಮೂರು ವಾರ ಟೈಮ್. 60 ಪಿಡಿಎಫ್ ಇಳಿಸಿಟ್ಟಿದ್ದೇನೆ.

ಒಂದು ಪೇಪರ್ ಮೊದಲ ಸಾಲಿಂದ ಕೊನೆ ಸಾಲಿನವರೆಗೆ ಓದಲು ಅರ್ಧ ದಿನ ಹೋಗುತ್ತದೆ. ಹಳದಿ ಬಣ್ಣ ಬಳಿದು ಬಳಿದು ಈಗ ಬಿಳಿ ಜಾಗವೇ ಉಳಿದಿಲ್ಲ. ನಿನ್ನೆ ಗೈಡ್, "96 ಪರ್ಸೆಂಟ್ ಫ್ಲೋರೈಡ್ ತೆಗೆಯಿತು ಅಂದೆಯಲ್ಲ, ಅದು ಯಾವ ಪೇಪರ್?" ಅಂತ ಕೇಳಿದರು. ಹನ್ನೊಂದು ಓದಿದ್ದೇನೆ, ಆದರೂ ಹುಡುಕಲು ನಲವತ್ತು ನಿಮಿಷ ಬೇಕಾಯಿತು. ನೋಟ್‌ಬುಕ್‌ನಲ್ಲಿ ಸ್ವಲ್ಪ, ಮೊಬೈಲ್‌ನಲ್ಲಿ ಸ್ವಲ್ಪ, ವರ್ಡ್‌ನಲ್ಲಿ ಸ್ವಲ್ಪ ಬರೆದಿಟ್ಟಿದ್ದೇನೆ. ನೀವೆಲ್ಲ ಹೇಗೆ ಮಾಡುತ್ತೀರಿ?

ಹಾಸ್ಟೆಲ್_ಕಾಫಿ
ಎರಡು ವಾರದಲ್ಲಿ ಹನ್ನೊಂದಾ? ನಾನು ಇಂಟರ್ನ್ ಆಗಿದ್ದಾಗ ಎರಡು ವಾರದಲ್ಲಿ ವೈಫೈ ಪಾಸ್‌ವರ್ಡ್ ಸಿಕ್ಕಿತ್ತು ಅಷ್ಟೆ.

ಮೂರನೇ_ವರ್ಷ
ನಾನು ಪಿಎಚ್‌ಡಿ ಮೂರನೇ ವರ್ಷ, ನೀರಿನ ಕೆಲಸವೇ. ಮೊದಲು ಒಂದು ಮಾತು: ಮೊದಲ ಸಾಲಿಂದ ಓದುವುದನ್ನು ಇವತ್ತೇ ನಿಲ್ಲಿಸಿ. ಈ ವಿಷಯದ ಪೇಪರ್‌ಗಳ ಪೀಠಿಕೆ ಎಲ್ಲಾ ಒಂದೇ. ಫ್ಲೋರೈಡ್ ಜಾಸ್ತಿ ಆದರೆ ಹಲ್ಲು, ಮೂಳೆ ಹಾಳು, ಡಬ್ಲ್ಯೂಎಚ್‌ಒ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನಾಲ್ಕನೇ ಸಲ ಓದುವಾಗ ನಿದ್ದೆ ಬರದಿದ್ದರೆ ಕೇಳಿ.

ನಾನು ಮಾಡುವುದು ಹೀಗೆ. ಫೋನಿನಲ್ಲಿ ಹತ್ತು ನಿಮಿಷಕ್ಕೆ ಟೈಮರ್ ಇಡುತ್ತೇನೆ. ಸಾರಾಂಶ ಓದುತ್ತೇನೆ, ಆಮೇಲೆ ಸೀದಾ ಚಿತ್ರ ಮತ್ತು ಟೇಬಲ್‌ಗಳಿಗೆ ಹೋಗುತ್ತೇನೆ. ಗ್ರಾಫ್ ನೋಡುವ ಮೊದಲು ಅದರ ಕೆಳಗಿನ ಅಡಿಬರಹ ನೋಡುತ್ತೇನೆ, ಯಾಕೆಂದರೆ ಎಷ್ಟು ಫ್ಲೋರೈಡ್, ಹೀರುವ ವಸ್ತುವಿನ ಪುಡಿ ಎಷ್ಟು, ಯಾವ pH ಎಲ್ಲಾ ಸಣ್ಣ ಅಕ್ಷರದಲ್ಲಿ ಅಲ್ಲೇ ಕೂತಿರುತ್ತದೆ. ಕೊನೆಗೆ ಒಂದೇ ಪ್ರಶ್ನೆ: ಇವರು ನಿಜವಾದ ಬೋರ್‌ವೆಲ್ ನೀರಿನಲ್ಲಿ ಪರೀಕ್ಷೆ ಮಾಡಿದ್ದಾರಾ, ಇಲ್ಲ ಡಿಸ್ಟಿಲ್ಡ್ ವಾಟರ್‌ಗೆ ಸೋಡಿಯಂ ಫ್ಲೋರೈಡ್ ಹಾಕಿ ಮುಗಿಸಿದ್ದಾರಾ? ಮಾಡಿದ್ದರೆ ಅದು ಸಾಮಾನ್ಯವಾಗಿ ಪೇಪರಿನ ಕೊನೆಯಲ್ಲಿ ಒಂದು ಸಣ್ಣ ಟೇಬಲ್‌ನಲ್ಲಿ ಇರುತ್ತದೆ.

ಟೈಮರ್ ಹೊಡೆದಾಗ ಮೂರರಲ್ಲಿ ಒಂದು ನಿರ್ಧಾರ: ಪೂರ್ತಿ ಓದಬೇಕು, ಒಂದು ಸಂಖ್ಯೆ ಮಾತ್ರ ಬೇಕು, ಬೇಡ. 60 ಪೇಪರಿಗೆ ಹತ್ತು ಹತ್ತು ನಿಮಿಷ ಅಂದರೆ ಹತ್ತು ಗಂಟೆ. ಎರಡು ದಿನದ ಕೆಲಸ. ಪೂರ್ತಿ ಓದಬೇಕಾದ್ದು ಹದಿನೈದು ದಾಟಿದರೆ ನಿಮ್ಮ ಪ್ರಶ್ನೆಯೇ ಅಗಲವಾಗಿದೆ ಅಂತ ಅರ್ಥ.

ಗೂಗಲ್_ಗುರು
ಇದನ್ನೇ ಮೂರು ಪಾಸ್ ವಿಧಾನ ಅಂತಾರೆ. ಒಂದೇ ಪೇಪರನ್ನು ಮೂರು ಸಲ ಓದೋದು.

ಮೂರನೇ_ವರ್ಷ
@ಗೂಗಲ್_ಗುರು ಅರ್ಧ ಸರಿ. ಅದು ಎಸ್. ಕೇಶವ್ ಅವರು 2007ರಲ್ಲಿ ಬರೆದ ಪುಟ್ಟ ಲೇಖನದ್ದು. ಅವರು ಕಂಪ್ಯೂಟರ್ ನೆಟ್‌ವರ್ಕ್ ಕ್ಷೇತ್ರದವರು. ಮೊದಲ ಸುತ್ತು ಐದು ಹತ್ತು ನಿಮಿಷ, ಎರಡನೆಯದು ಒಂದು ಗಂಟೆಯೊಳಗೆ, ಮೂರನೆಯದು ಹೊಸಬರಿಗೆ ನಾಲ್ಕೈದು ಗಂಟೆ. ಎಲ್ಲ ಪೇಪರೂ ಮೂರೂ ಸುತ್ತು ಹೋಗಲೇಬೇಕು ಅಂತಲ್ಲ. ಮುಕ್ಕಾಲು ಪಾಲು ಮೊದಲ ಸುತ್ತಿನಲ್ಲೇ ಮನೆಗೆ ಹೋಗಬೇಕು, ನನ್ನ ಲೆಕ್ಕದಲ್ಲಿ.

ಶಾರ್ಟ್‌ಕಟ್_ಸೀನ
ಇಷ್ಟೆಲ್ಲ ಯಾಕೆ ಗುರು? ಈಚಿನ ಒಂದು ರಿವ್ಯೂ ಪೇಪರ್ ಹುಡುಕು. ಅದರಲ್ಲಿ ದೊಡ್ಡ ಟೇಬಲ್ ಇರುತ್ತದೆ: ವಸ್ತು, ಸಾಮರ್ಥ್ಯ, pH, ರೆಫರೆನ್ಸ್. ಅದನ್ನು ಎತ್ತಿಕೋ, ನಾಲ್ಕು ಸಾಲು ಬದಲಾಯಿಸು, ಮುಗೀತು. ನಾನು ಹಾಗೇ ಮಾಡಿ ಪಾಸಾದೆ.

ಲ್ಯಾಬ್_ಮೇಷ್ಟ್ರು
ಸೀನಪ್ಪ, ರಿವ್ಯೂ ಪೇಪರಿಂದ ಶುರು ಮಾಡು ಅನ್ನುವುದು ಒಳ್ಳೆ ಸಲಹೆ. ಟೇಬಲ್ ಎತ್ತಿಕೋ ಅನ್ನುವುದು ಗುಂಡಿಗೆ ತಳ್ಳುವ ಸಲಹೆ. ನನ್ನ ಕಥೆ ಕೇಳಿ.

ಹದಿನೈದು ವರ್ಷದ ಹಿಂದೆ ನಾನೂ ಒಂದು ರಿವ್ಯೂ ಟೇಬಲ್‌ನಿಂದ ಒಂದು ಸಾಮರ್ಥ್ಯದ ಸಂಖ್ಯೆ ಎತ್ತಿ ವರದಿಯಲ್ಲಿ ಹಾಕಿದೆ. ಪಕ್ಕದಲ್ಲಿ ಮೂಲ ಪೇಪರಿನ ಹೆಸರನ್ನೇ ಕೊಟ್ಟೆ, ಓದಿದವನ ಹಾಗೆ. ಪರೀಕ್ಷಕರು ಮೂಲ ತೆಗೆದು ನೋಡಿದರು. ಅಲ್ಲಿ ಸಂಖ್ಯೆ ಗ್ರಾಮಿಗೆ ಇಷ್ಟು ಮಿಲಿಮೋಲ್ ಅಂತ ಇತ್ತು. ರಿವ್ಯೂ ಬರೆದವರು ಅದನ್ನೇ ಮಿಲಿಗ್ರಾಂ ಕಾಲಂನಲ್ಲಿ ಕೂರಿಸಿದ್ದರು. ಫ್ಲೋರೈಡ್‌ಗೆ ಒಂದು ಮಿಲಿಮೋಲ್ ಅಂದರೆ 19 ಮಿಲಿಗ್ರಾಂ. ಹತ್ತೊಂಬತ್ತು ಪಟ್ಟು ತಪ್ಪು, ಅದರ ಮೇಲೆ ನನ್ನ ಸಹಿ. ಅವತ್ತು ಕೂತ ಕುರ್ಚಿ ಇನ್ನೂ ನೆನಪಿದೆ.

ಅಂದಿನಿಂದ ನನ್ನ ನೋಟ್ಸ್‌ನಲ್ಲಿ ಒಂದು ಕಾಲಂ ಇದೆ: "ನಾನೇ ನೋಡಿದೆನಾ?" ಹೌದು ಅಂದರೆ ಮೂಲದ ಪುಟ ಸಂಖ್ಯೆ ಅಥವಾ ಟೇಬಲ್ ಸಂಖ್ಯೆ. ಇಲ್ಲ ಅಂದರೆ ಯಾವ ರಿವ್ಯೂನಿಂದ ಬಂತು ಅಂತ.

ಶಾರ್ಟ್‌ಕಟ್_ಸೀನ
ಸರಿ ಮೇಷ್ಟ್ರೇ. ಆದರೂ ನಾನು ಪಾಸಾದೆ.

ಪಾವಗಡದವ
ನಮ್ಮ ಮನೆ ಬೋರ್‌ವೆಲ್‌ನಲ್ಲೂ ಫ್ಲೋರೈಡ್ ಇದೆ ಅಂತ ಹೇಳುತ್ತಾರೆ. ನಮ್ಮ ಅಪ್ಪನ ಹಲ್ಲೆಲ್ಲ ಕಂದು. ನೀವೆಲ್ಲ ಓದಿದವರು, ಯಾವ ಫಿಲ್ಟರ್ ತೆಗೆದುಕೊಳ್ಳಬೇಕು ಹೇಳಿ. ಕುದಿಸಿದರೆ ಹೋಗುತ್ತಾ?

ಹಾಸ್ಟೆಲ್_ಕಾಫಿ
ಅಣ್ಣಾ ಇದು ಪೇಪರ್ ಓದುವ ಚರ್ಚೆ.

ಮೂರನೇ_ವರ್ಷ
@ಪಾವಗಡದವ ಕುದಿಸಿದರೆ ಹೋಗುವುದಿಲ್ಲ ಅಣ್ಣ. ನೀರು ಆವಿಯಾಗಿ ಫ್ಲೋರೈಡ್ ಉಳಿಯುತ್ತದೆ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಸ್ವಲ್ಪ ಹೆಚ್ಚಾಗುತ್ತದೆ. ಮೊದಲು ನೀರು ಟೆಸ್ಟ್ ಮಾಡಿಸಿ, ಸಂಖ್ಯೆ ಗೊತ್ತಿಲ್ಲದೆ ಫಿಲ್ಟರ್ ಕೊಳ್ಳಬೇಡಿ. ಟೆಸ್ಟ್ ಮಾಡಿಸುವಾಗ pH ಕೂಡ ಕೇಳಿ.

ಮತ್ತೆ ಹಾಸ್ಟೆಲ್ ಕಾಫಿಯವರೇ, ಇದು ವಿಷಯಾಂತರ ಅಲ್ಲ. ಇಂಟರ್ನ್ ರಿವ್ಯೂ ಬರೆಯುತ್ತಿರುವುದೇ ಇವರ ಮನೆ ನೀರಿಗಾಗಿ ಅಲ್ವಾ?

ಹೊಸ_ಇಂಟರ್ನ್
ನಿನ್ನೆ ಮತ್ತು ಇವತ್ತು ಟೈಮರ್ ಇಟ್ಟು 34 ಪೇಪರ್ ಮುಗಿಸಿದೆ! ಒಂದು ಶೀಟ್ ಕೂಡ ಮಾಡಿದೆ. ಕಾಲಂಗಳು: ಲೇಖಕರು, ವರ್ಷ, ವಸ್ತು, ಎಷ್ಟು ಪರ್ಸೆಂಟ್ ತೆಗೆಯಿತು, ಷರಾ. ಪರ್ಸೆಂಟ್ ಪ್ರಕಾರ ಸಾರ್ಟ್ ಮಾಡಿದೆ. 96 ಪರ್ಸೆಂಟಿನದು ಮೇಲೆ ಬಂತು. 60 ಪರ್ಸೆಂಟಿನದು ಕೆಳಗೆ, ಅದನ್ನು "ಬೇಡ" ಗುಂಪಿಗೆ ಹಾಕಿದೆ. ಸರಿ ಇದೆಯಾ?

ಲ್ಯಾಬ್_ಮೇಷ್ಟ್ರು
ಸಾರ್ಟ್ ಬಟನ್ ಮುಟ್ಟಬೇಡಮ್ಮಾ. ಆ ಎರಡು ಪೇಪರಿನಲ್ಲಿ ಶುರುವಿನಲ್ಲಿ ಎಷ್ಟು ಫ್ಲೋರೈಡ್ ಇತ್ತು, ಲೀಟರಿಗೆ ಎಷ್ಟು ಪುಡಿ ಹಾಕಿದರು? ನೋಡಿ ಹೇಳು.

ಹೊಸ_ಇಂಟರ್ನ್
ಎರಡರಲ್ಲೂ ಶುರುವಿನಲ್ಲಿ ಲೀಟರಿಗೆ 10 ಮಿಲಿಗ್ರಾಂ. ಮೊದಲನೆಯದರಲ್ಲಿ ಪುಡಿ ಲೀಟರಿಗೆ 10 ಗ್ರಾಂ. ಎರಡನೆಯದರಲ್ಲಿ 1 ಗ್ರಾಂ. ಓ...

ಲ್ಯಾಬ್_ಮೇಷ್ಟ್ರು
ಗೊತ್ತಾಯಿತಲ್ಲ. ಆದರೂ ಪೂರ್ತಿ ಬರೆಯುತ್ತೇನೆ, ಬೇರೆಯವರಿಗೂ ಆಗಲಿ. `C0` ಅಂದರೆ ಶುರುವಿನ ಫ್ಲೋರೈಡ್, `Ce` ಕೊನೆಗೆ ಉಳಿದದ್ದು, `dose` ಲೀಟರಿಗೆ ಹಾಕಿದ ಪುಡಿ, `q` ಒಂದು ಗ್ರಾಂ ಪುಡಿ ಹಿಡಿದದ್ದು. A ಅಂದರೆ 96 ಪರ್ಸೆಂಟಿನ ಪೇಪರ್, B ಅಂದರೆ 60ರದು. ಲೆಕ್ಕ ಇಷ್ಟೇ:

```
q = (C0 - Ce) / dose
A: (10 - 0.4) / 10 = 0.96 mg/g
B: (10 - 4.0) / 1  = 6.0  mg/g
```

96 ಪರ್ಸೆಂಟ್ ತೆಗೆದ ವಸ್ತು ಗ್ರಾಮಿಗೆ ಒಂದು ಮಿಲಿಗ್ರಾಂ ಕೂಡ ಹಿಡಿದಿಲ್ಲ. 60 ಪರ್ಸೆಂಟಿನದು ಆರು ಹಿಡಿದಿದೆ. ಪುಡಿ ಸುರಿಯುತ್ತಾ ಹೋದರೆ ಸಾಧಾರಣ ವಸ್ತುವೂ 96 ಕೊಡಬಹುದು. ಹೊಲದ ಮಣ್ಣು ಸುರಿದರೂ ಸ್ವಲ್ಪ ಕೊಟ್ಟೀತು. ಅದಕ್ಕೇ ಪರ್ಸೆಂಟ್ ಒಂದನ್ನೇ ಬರೆದುಕೊಂಡ ನೋಟ್ಸ್ ನೋಟ್ಸೇ ಅಲ್ಲ.

ಬಿಇ_ಸಿವಿಲ್
ಮೇಷ್ಟ್ರೇ, ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. B ನಂತರ ನೀರಿನಲ್ಲಿ ಇನ್ನೂ 4 ಮಿಲಿಗ್ರಾಂ ಉಳಿದಿದೆ. ಅದನ್ನು ಯಾರು ಕುಡಿಯುತ್ತಾರೆ? ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ 1ರೊಳಗೆ ಇರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. A ನೀರು ಕುಡಿಯಬಹುದು. B ನೀರು ಆಗದು. ನೀರಿನಲ್ಲಿ ಜಾಸ್ತಿ ಉಳಿದಾಗ ಜಾಸ್ತಿ ಹಿಡಿಯುವುದು ಸುಲಭ, 0.4ಕ್ಕೆ ಇಳಿದಾಗ ಹಿಡಿಯುವುದೇ ಕಷ್ಟ. ಹಾಗಾಗಿ 0.96 ಮತ್ತು 6 ಕೂಡ ನೇರ ಹೋಲಿಕೆ ಅಲ್ಲ.

ಲ್ಯಾಬ್_ಮೇಷ್ಟ್ರು
ಸರಿ ಹಿಡಿದಿರಿ, ಒಪ್ಪಿದೆ. ಅಂದರೆ ಕೊನೆಗೆ ನೀರಿನಲ್ಲಿ ಎಷ್ಟು ಉಳಿಯಿತು ಅನ್ನುವುದಕ್ಕೂ ಒಂದು ಕಾಲಂ ಬೇಕು.

ಮೂರನೇ_ವರ್ಷ
ಇದಕ್ಕಿಂತ ದೊಡ್ಡ ಮೋಸ ಸಾರಾಂಶದಲ್ಲಿ ಇರುತ್ತದೆ: "ಗರಿಷ್ಠ ಸಾಮರ್ಥ್ಯ ಗ್ರಾಮಿಗೆ 45 ಮಿಲಿಗ್ರಾಂ". ಮೋಸ ಅಂದರೆ ಅವರು ಸುಳ್ಳು ಹೇಳುತ್ತಾರೆ ಅಂತಲ್ಲ, ನಾವು ತಪ್ಪು ಓದುತ್ತೇವೆ. ಅದು ಲ್ಯಾಂಗ್‌ಮ್ಯೂರ್ ಸಮೀಕರಣದಿಂದ ತೆಗೆದ ತುದಿ. ನೀರಿನಲ್ಲಿ ಎಷ್ಟು ಬೇಕಾದರೂ ಫ್ಲೋರೈಡ್ ಇದ್ದರೆ ಅಷ್ಟು ಹಿಡಿಯುತ್ತದೆ ಅಂತ. ಅವರು ಲೀಟರಿಗೆ 100 ಮಿಲಿಗ್ರಾಂವರೆಗೆ ಹಾಕಿ ಪರೀಕ್ಷಿಸಿರುತ್ತಾರೆ. ನಮ್ಮ ನೀರಿನಲ್ಲಿ ಎರಡು, ಮೂರು, ನಾಲ್ಕು ಇರುತ್ತದೆ.

ಅದೇ ಪೇಪರಿನ ಟೇಬಲ್‌ನಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ, `b` ಅಥವಾ `KL` ಅಂತ. ವಸ್ತು ಫ್ಲೋರೈಡನ್ನು ಎಷ್ಟು ಬಲವಾಗಿ ಸೆಳೆಯುತ್ತದೆ ಅಂತ ಹೇಳುವುದು ಅದು. ಎಲ್ಲರೂ ಬಿಟ್ಟು ಹೋಗುವುದು ಅದನ್ನೇ. ಉದಾಹರಣೆಗೆ ಅದು 0.05 ಇದೆ ಅಂದುಕೊಳ್ಳಿ. ನಮಗೆ ನೀರು 1 ಮಿಲಿಗ್ರಾಂಗೆ ಇಳಿಯಬೇಕು. ಆಗ:

```
q = qmax*b*Ce / (1 + b*Ce)
  = 45*0.05*1 / 1.05 = 2.1 mg/g
```

45 ಹೋಗಿ 2 ಆಯ್ತು. ಈಗ ಮನೆಗೆ ತನ್ನಿ. ದಿನಕ್ಕೆ 20 ಲೀಟರ್, 4ರಿಂದ 1ಕ್ಕೆ ಇಳಿಸಬೇಕು, ಅಂದರೆ 60 ಮಿಲಿಗ್ರಾಂ ತೆಗೆಯಬೇಕು. 45 ನಂಬಿದರೆ ದಿನಕ್ಕೆ ಒಂದೂವರೆ ಗ್ರಾಂ ಒಳಗೇ ಪುಡಿ ಸಾಕು ಅನಿಸುತ್ತದೆ. ನಿಜವಾಗಿ 28 ಗ್ರಾಂ ಬೇಕು. ಅದೂ ಡಿಸ್ಟಿಲ್ಡ್ ವಾಟರ್ ಲೆಕ್ಕ.

ಹೊಸ_ಇಂಟರ್ನ್
ನಾನು 34ರಲ್ಲೂ ಷರಾ ಕಾಲಂನಲ್ಲಿ ಗರಿಷ್ಠ ಸಂಖ್ಯೆ ಮಾತ್ರ ಬರೆದುಕೊಂಡಿದ್ದೇನೆ, `b` ಬರೆದಿಲ್ಲ. ಮತ್ತೆ ಎಲ್ಲಾ ತೆಗೆಯಬೇಕಾ? 😭

ಮೂರನೇ_ವರ್ಷ
ತೆಗೆಯಬೇಕು, ಆದರೆ ಓದಬೇಕಿಲ್ಲ. ಆ ಟೇಬಲ್ ಹುಡುಕಿ ಒಂದು ಸಂಖ್ಯೆ ತುಂಬಿಸಲು ಎರಡು ನಿಮಿಷ. ಎಲ್ಲರೂ ಮೊದಲ ಶೀಟನ್ನು ಬಿಸಾಡುತ್ತಾರೆ. ಅದಕ್ಕೇ ನಾನು ಹೇಳುವುದು, ಐದು ಪೇಪರ್ ತುಂಬಿಸಿ ನಿಲ್ಲಿಸಿ, ಕಾಲಂ ಸರಿ ಇದೆಯಾ ನೋಡಿ, ಆಮೇಲೆ ಮುಂದೆ ಹೋಗಿ.

ಕಬ್ಬಿಣದ_ಕಡಲೆ
ಶೀಟು ಗೀಟು ಬೇಡ, ಪೇಪರ್ ಜೋಡಿಸಿಡುವ ಜೊಟೆರೊ ಸಾಫ್ಟ್‌ವೇರ್ ಹಾಕಿಕೊಳ್ಳಿ. ಪುಕ್ಕಟೆ. ಪೇಪರಿನ ಗುರುತಿನ ಸಂಖ್ಯೆ, ಅಂದರೆ ಡಿಒಐ ನಂಬರ್ ಕೊಟ್ಟರೆ ವಿವರ ಎಲ್ಲಾ ತಾನೇ ತುಂಬುತ್ತದೆ. ಪಿಡಿಎಫ್ ಅಲ್ಲೇ ಓದಿ ಅಲ್ಲೇ ಗೆರೆ ಎಳೆಯಬಹುದು, ಎಳೆದ ಗೆರೆಯನ್ನೆಲ್ಲ ಒಂದು ನೋಟ್ ಆಗಿ ತೆಗೆಯಬಹುದು, ಪುಟ ಸಂಖ್ಯೆ ಸಮೇತ. ಹಿಂತೆಗೆದುಕೊಂಡ ಪೇಪರ್ ಇದ್ದರೆ ಎಚ್ಚರಿಕೆ ಕೂಡ ತೋರಿಸುತ್ತದೆ.

ಮೂರನೇ_ವರ್ಷ
ನಾನೂ ಜೊಟೆರೊ ಬಳಸುತ್ತೇನೆ. ಆದರೆ ಗೆರೆ ಎಳೆದ 60 ನೋಟ್ ಇದ್ದರೆ 60 ರಾಶಿ ಇದ್ದ ಹಾಗೆ. pH 7ರ ಮೇಲೆ ಪರೀಕ್ಷೆ ಮಾಡಿದವರು ಯಾರ್ಯಾರು ಅಂತ ಅದನ್ನು ಕೇಳಿದರೆ ಹೇಳುತ್ತದಾ? ಪಿಡಿಎಫ್ ಮತ್ತು ರೆಫರೆನ್ಸ್ ಪಟ್ಟಿ ಜೊಟೆರೊದಲ್ಲಿ, ಹೋಲಿಕೆ ಶೀಟ್‌ನಲ್ಲಿ. ಎರಡಕ್ಕೂ ಕೊಂಡಿ ಡಿಒಐ. ಅದು ಶೀಟಿನ ಮೊದಲ ಕಾಲಂ ಆಗಲಿ.

ಕಬ್ಬಿಣದ_ಕಡಲೆ
ಟ್ಯಾಗ್ ಹಾಕಿದರೆ ಹೇಳುತ್ತದೆ.

ಮೂರನೇ_ವರ್ಷ
ಟ್ಯಾಗ್ ಹಾಕುವ ತಾಳ್ಮೆ ಇದ್ದವರಿಗೆ ಶೀಟ್ ತುಂಬಿಸುವ ತಾಳ್ಮೆಯೂ ಇರುತ್ತದೆ. ಬಿಡಿ, ಇದು ದೋಸೆ-ಇಡ್ಲಿ ಜಗಳ.

ಶಾಸನಪ್ರಿಯೆ
ನಾನು ಇತಿಹಾಸದವಳು, ಶಾಸನಗಳ ಮೇಲೆ ಕೆಲಸ. ನಿಮ್ಮ ಕಾಲಂ ಪದ್ಧತಿ ನಮಗೆ ಅರ್ಧ ಮಾತ್ರ ಆಗುತ್ತದೆ. ಕಾಲ, ಊರು, ಲಿಪಿ ಕಾಲಂಗೆ ಸರಿ. ಆದರೆ ಒಬ್ಬರ ವಾದವನ್ನು ಕಾಲಂನಲ್ಲಿ ಹೇಗೆ ಕೂರಿಸುತ್ತೀರಿ?

ನನ್ನದು ಬೇರೆ ತೊಂದರೆ. ಓದುವಾಗ ಚೆನ್ನಾಗಿದ್ದ ಸಾಲನ್ನು ಹಾಗೇ ನೋಟ್ಸ್‌ಗೆ ಇಳಿಸಿದ್ದೆ. ನಾಲ್ಕು ತಿಂಗಳ ಮೇಲೆ ಅದು ನನ್ನದೇ ಸಾಲು ಅಂದುಕೊಂಡು ಅಧ್ಯಾಯಕ್ಕೆ ಹಾಕಿದೆ. ಕಳವು ಪತ್ತೆ ಸಾಫ್ಟ್‌ವೇರ್‌ನಲ್ಲಿ ಕೆಂಪಾಗಿ ಬಂತು. ಕದಿಯುವ ಉದ್ದೇಶ ಇರಲಿಲ್ಲ ಅಂದರೆ ಯಾರು ನಂಬುತ್ತಾರೆ? ಈಗ ಅವರ ಮಾತು ಇದ್ದರೆ ಉದ್ಧರಣ ಚಿಹ್ನೆ ಹಾಕಿ ಪುಟ ಸಂಖ್ಯೆ ಬರೆಯುತ್ತೇನೆ. ನನ್ನ ಮಾತನ್ನು ಕನ್ನಡದಲ್ಲಿ ಬರೆಯುತ್ತೇನೆ. ಇಂಗ್ಲಿಷ್ ಪೇಪರ್, ಕನ್ನಡ ನೋಟ್ಸ್. ತಪ್ಪಿಯೂ ಬೆರೆಯುವುದಿಲ್ಲ.

ಹೊಸ_ಇಂಟರ್ನ್
@ಶಾಸನಪ್ರಿಯೆ ಇದು ಸೂಪರ್ ಅಕ್ಕ. ಕನ್ನಡದಲ್ಲಿ ಬರೆದರೆ ಅರ್ಥ ಆಗಿಲ್ಲದ್ದು ಕೂಡ ತಕ್ಷಣ ಗೊತ್ತಾಗುತ್ತದೆ. ಇವತ್ತು ಒಂದು ಪೇಪರಿನ ತೀರ್ಮಾನ ಕನ್ನಡದಲ್ಲಿ ಬರೆಯಲು ಹೋಗಿ ಎರಡನೇ ಸಾಲಿಗೇ ನಿಂತೆ.

ಬಿಇ_ಸಿವಿಲ್
ನನ್ನ ಕಡೆಯಿಂದ ಒಂದೇ ಕಾಲಂ ಸೇರಿಸಿ: ಅಳತೆ ಹೇಗೆ ಮಾಡಿದರು. ಅಲ್ಯೂಮಿನಿಯಂ ಇರುವ ವಸ್ತುಗಳಲ್ಲಿ ಇದು ಮುಖ್ಯ. ಸ್ವಲ್ಪ ಅಲ್ಯೂಮಿನಿಯಂ ನೀರಿಗೆ ಬಿಟ್ಟರೆ ಅದು ಫ್ಲೋರೈಡನ್ನು ಅಪ್ಪಿಕೊಂಡು ಕೂರುತ್ತದೆ. ಎಲೆಕ್ಟ್ರೋಡ್‌ನಲ್ಲಿ ಅಳೆಯುವ ಮೊದಲು ಟಿಸಾಬ್ ದ್ರಾವಣ ಹಾಕಿ ಅದನ್ನು ಬಿಡಿಸಬೇಕು. ಹಾಕದಿದ್ದರೆ ಫ್ಲೋರೈಡ್ ನೀರಿನಲ್ಲೇ ಇರುತ್ತದೆ, ಮೀಟರ್ ಮಾತ್ರ ಕಡಿಮೆ ತೋರಿಸುತ್ತದೆ. ವಸ್ತು ಅದ್ಭುತ ಅಂತ ಪೇಪರ್ ಬರುತ್ತದೆ.

ಲ್ಯಾಬ್_ಮೇಷ್ಟ್ರು
ಅಷ್ಟು ಕಾಲಂ ಆದರೆ ಹುಡುಗಿ ಓಡಿ ಹೋಗುತ್ತಾಳೆ. ಪೂರ್ತಿ ಓದುವ ಹದಿನೈದಕ್ಕೆ ಮಾತ್ರ ಅದು ಇರಲಿ.

ಹೊಸ_ಇಂಟರ್ನ್
ಹೊಸ ಶೀಟ್. ಐದು ಪೇಪರ್ ತುಂಬಿಸಿ ನಿಲ್ಲಿಸಿದ್ದೇನೆ, ಹೇಳಿದ ಹಾಗೆ. ಈಗಿನ ಕಾಲಂ: ಡಿಒಐ, ವಸ್ತು, ಯಾವ ನೀರು, pH, ಶುರುವಿನ ಫ್ಲೋರೈಡ್, ಪುಡಿ ಎಷ್ಟು, ಕೊನೆಗೆ ಉಳಿದದ್ದು, `qmax`, `b`, 1 ಮಿಲಿಗ್ರಾಂನಲ್ಲಿ ನನ್ನ ಲೆಕ್ಕ, ಮೂಲದ ಟೇಬಲ್ ನಂಬರ್, ಕನ್ನಡದಲ್ಲಿ ಎರಡು ಸಾಲು.

ಎರಡು ಸಾಲಿನ ನಮೂನೆ: "pH 5ರಲ್ಲಿ ಮಾತ್ರ ಚೆನ್ನಾಗಿದೆ. 8ಕ್ಕೆ ಹೋದಾಗ ಅರ್ಧಕ್ಕಿಂತ ಕಡಿಮೆ, ಗ್ರಾಫ್ 4 ನೋಡು. ಬೈಕಾರ್ಬೊನೇಟ್ ಹಾಕಿ ನೋಡಿಲ್ಲ."

ಒಂದು ಡೌಟು. ಒಂದು ಪೇಪರಿನಲ್ಲಿ pH ಎಲ್ಲೂ ಹೇಳಿಲ್ಲ. ಖಾಲಿ ಬಿಡಲಾ?

ಮೂರನೇ_ವರ್ಷ
ಖಾಲಿ ಬಿಡಬೇಡಿ. "ಹುಡುಕಿದೆ, ಹೇಳಿಲ್ಲ" ಅಂತ ಬರೆಯಿರಿ. ಖಾಲಿ ಮನೆ ಕಂಡರೆ ಮುಂದಿನ ತಿಂಗಳು ಮತ್ತೆ ಅದೇ ಪೇಪರ್ ತೆಗೆದು ಹುಡುಕುತ್ತೀರಿ. ಆಮೇಲೆ "ಹೇಳಿಲ್ಲ" ಎಷ್ಟಿದೆ ಅಂತ ಎಣಿಸಿ. 60ರಲ್ಲಿ ಬೋರ್‌ವೆಲ್ ನೀರು ಮುಟ್ಟಿದವರು ಎಷ್ಟು ಜನ, pH 7.5ರ ಮೇಲೆ ನೋಡಿದವರು ಎಷ್ಟು ಜನ, ಆ ಲೆಕ್ಕವೇ ನಿಮ್ಮ ರಿವ್ಯೂನ ಮೊದಲ ಪ್ಯಾರಾ.

ಬೈಕಾರ್ಬೊನೇಟ್ ವಿಷಯ ಹಿಡಿದದ್ದು ತುಂಬಾ ಚೆನ್ನಾಗಿದೆ. ಫ್ಲೋರೈಡ್ ಜಾಸ್ತಿ ಇರುವ ನಮ್ಮ ಗ್ರಾನೈಟ್ ನೆಲದ ನೀರಿನಲ್ಲಿ ಸಾಮಾನ್ಯವಾಗಿ ಬೈಕಾರ್ಬೊನೇಟ್ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಆ ಬೈಕಾರ್ಬೊನೇಟ್ ಅಲ್ಯೂಮಿನಾದಂಥ ಹೀರುವ ವಸ್ತುವಿನ ಮೇಲೆ ಫ್ಲೋರೈಡ್ ಜೊತೆ ಸೀಟಿಗಾಗಿ ಜಗಳ ಆಡುತ್ತದೆ.

ಶಾರ್ಟ್‌ಕಟ್_ಸೀನ
ಗೈಡ್ ಕೇಳೋದು "ಎಷ್ಟು ಪೇಪರ್ ಓದಿದೆ" ಅಂತ. ಹದಿನೈದು ಅಂದರೆ ಬೈತಾರೆ. ಅದಕ್ಕೇನು ಹೇಳುತ್ತೀರಿ?

ಲ್ಯಾಬ್_ಮೇಷ್ಟ್ರು
60 ನೋಡಿದೆ, 15 ಓದಿದೆ ಅನ್ನಲಿ. ಅದೇ ನಿಜ.

ಶಾರ್ಟ್‌ಕಟ್_ಸೀನ
ನಿಮ್ಮಂಥ ಗೈಡ್ ಎಲ್ಲರಿಗೂ ಸಿಗಲ್ಲ ಮೇಷ್ಟ್ರೇ. ನನ್ನವರು ರೆಫರೆನ್ಸ್ ಪಟ್ಟಿಯ ಉದ್ದ ಸ್ಕೇಲ್ ಇಟ್ಟು ಅಳೆಯುತ್ತಿದ್ದರು.

ಹೊಸ_ಇಂಟರ್ನ್
ನಮ್ಮ ಗೈಡ್ 96 ಪರ್ಸೆಂಟ್ ಪೇಪರ್ ಬಿಡಬೇಡ ಅಂದರು. "ಜನ ಅದನ್ನೇ ಉದಾಹರಿಸುತ್ತಾರೆ, ಹಾಕು" ಅಂತ. ಪಕ್ಕದಲ್ಲಿ 0.96 ಅಂತ ಬರೆದು ಹಾಕುತ್ತೇನೆ. ಅವರು ಅದನ್ನು ಅಳಿಸುತ್ತಾರೋ ಬಿಡುತ್ತಾರೋ ಸೋಮವಾರ ಗೊತ್ತಾಗುತ್ತದೆ.

ಪಾವಗಡದವ
ನೀರಿನ ರಿಪೋರ್ಟ್ ಬಂತು. ಫ್ಲೋರೈಡ್ 2.8. pH 7.9. ಇದು ಜಾಸ್ತೀನಾ?

ಹೊಸ_ಇಂಟರ್ನ್
ಜಾಸ್ತಿ ಅಣ್ಣ, ಮಿತಿಗಿಂತ ಹತ್ತತ್ರ ಎರಡು ಪಟ್ಟು. ಸದ್ಯಕ್ಕೆ ಕುಡಿಯಲು, ಅಡುಗೆಗೆ ಬೇರೆ ನೀರು ನೋಡಿ. ನನ್ನ ಶೀಟಿನ ಐದು ಪೇಪರಿನಲ್ಲಿ ಈ pH ನೋಡಿದ್ದು ಒಂದೇ. ನಿಮ್ಮ ನೀರು ಸ್ವಲ್ಪ ಕಳಿಸಲು ಆಗುತ್ತಾ? ಗೈಡ್ ಹತ್ತಿರ ಕೇಳಿ ಪರೀಕ್ಷೆಗೆ ಬಳಸುತ್ತೇನೆ.

ಪಾವಗಡದವ
ಭಾನುವಾರ ಬೆಂಗಳೂರಿಗೆ ಬರುತ್ತಿದ್ದೇನೆ, ತರುತ್ತೇನೆ. ಎಷ್ಟು ಬೇಕು? ಗಾಜಿನ ಬಾಟಲಿ ಇದೆ.

ಹೊಸ_ಇಂಟರ್ನ್
ಐದು ಲೀಟರ್ ಸಾಕು. ಗಾಜು ಬೇಡ ಅಣ್ಣ, ಪ್ಲಾಸ್ಟಿಕ್ ಕ್ಯಾನ್. ಅದೇ ನೀರಿನಲ್ಲಿ ಎರಡು ಸಲ ತೊಳೆದು ತುಂಬಿಸಿ.